ಪ್ಯಾರ್, ಮೊಹಬ್ಬತ್, ಇಶ್ಕ್: ಹಿಂದಿಯ ಪ್ರೇಮ ನಿವೇದನೆಯನ್ನು ಕನ್ನಡಕ್ಕೆ ತರುವುದು ಹೇಗೆ

ಹಿಂದಿ ಕಥೆಯನ್ನೋ ನಾಟಕವನ್ನೋ ಕನ್ನಡಕ್ಕೆ ತರುವಾಗ ಪ್ರೇಮ ನಿವೇದನೆಯ ದೃಶ್ಯ ಬಂತು ಅಂದರೆ ಹೆಚ್ಚಿನವರು ಒಂದೇ ಕೆಲಸ ಮಾಡುತ್ತಾರೆ. ಪ್ಯಾರ್ ಎದುರು ಪ್ರೀತಿ, ಮೊಹಬ್ಬತ್ ಎದುರು ಪ್ರೇಮ, ಇಶ್ಕ್ ಎದುರು ಅನುರಾಗ ಅಂತ ಬರೆದು ಮುಂದಕ್ಕೆ ಹೋಗುತ್ತಾರೆ. ಮೂರಕ್ಕೆ ಮೂರು ಸಿಕ್ಕಿತು, ಲೆಕ್ಕ ಸರಿಹೋಯಿತು. ಆದರೆ ಓದಿ ನೋಡಿದರೆ ಪಾತ್ರ ಮಾತಾಡುತ್ತಿರುವುದಿಲ್ಲ, ನಿಘಂಟು ಮಾತಾಡುತ್ತಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಮೂರೂ ಪದಗಳ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ನಾಮಪದದಿಂದ ತೋರಿಸಲು ಹೋಗಬಾರದು. ಕ್ರಿಯಾಪದದಿಂದ ತೋರಿಸಬೇಕು. ಕನ್ನಡಿಗರು ಪ್ರೀತಿಯ ಬಗೆಗಳನ್ನು ಹೇಳಿಕೊಳ್ಳುವುದು ಹಚ್ಚಿಕೊಂಡೆ, ಮನಸ್ಸಾಯ್ತು, ಮನಸೋತೆ, ಮರುಳಾದೆ, ಹುಚ್ಚು ಹಿಡಿದಿದೆ ಎಂಬಂಥ ಮಾತುಗಳಲ್ಲಿ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ. ಹಿಂದಿ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

ಹೆಜ್ಜೆ 1: ತೀವ್ರತೆಯ ಏಣಿಯನ್ನು ಪಕ್ಕಕ್ಕಿಡಿ

ಪ್ಯಾರ್ ಅಂದರೆ ಸ್ವಲ್ಪ, ಮೊಹಬ್ಬತ್ ಅಂದರೆ ಜಾಸ್ತಿ, ಇಶ್ಕ್ ಅಂದರೆ ಪೂರ್ತಿ ಅನ್ನುವ ನಂಬಿಕೆ ತುಂಬಾ ಕಡೆ ಇದೆ. ಪ್ರೇಮಕ್ಕೆ ಏಳು ಮೆಟ್ಟಿಲು ಅಂತ ಒಂದು ಪಟ್ಟಿಯೂ ಓಡಾಡುತ್ತದೆ. ದಿಲ್‌ಕಶಿಯಿಂದ ಶುರುವಾಗಿ ಸಾವಿನವರೆಗೆ ಹೋಗುವ ಪಟ್ಟಿ ಅದು, ಮೊಹಬ್ಬತ್ ಅದರ ನಡುವಿನ ಒಂದು ಮೆಟ್ಟಿಲು. ಓದಲು ಚೆನ್ನಾಗಿದೆ. ಅನುವಾದಕ್ಕೆ ಮಾತ್ರ ಉಪಯೋಗವಿಲ್ಲ.

ಯಾಕೆಂದರೆ ದಿನನಿತ್ಯದ ಹಿಂದಿಯಲ್ಲಿ ಜನ ತೂಕ ನೋಡಿ ಪದ ಆರಿಸುವುದಿಲ್ಲ. ಕಾನ್ಪುರದ ಹುಡುಗನೊಬ್ಬ ಜೀವ ಕೊಡುವಷ್ಟು ಪ್ರೀತಿಸಿದರೂ ಬಾಯಲ್ಲಿ ಬರುವುದು ಪ್ಯಾರ್. ಅವನ ಗೆಳೆಯರು ಅವನನ್ನು ರೇಗಿಸುವಾಗ, 'ಆಜ್‌ಕಲ್ ಇಶ್ಕ್ ಲಡಾ ರಹಾ ಹೈ' ಅನ್ನುತ್ತಾರೆ. ಅಲ್ಲಿ ಇಶ್ಕ್‌ಗೆ ಯಾವ ಘನತೆಯೂ ಇಲ್ಲ. ಅದು ನಮ್ಮ 'ಲೈನ್ ಹೊಡೀತಿದ್ದಾನೆ' ಅಷ್ಟೇ. ಏಣಿ ಹಿಡಿದು ಹೊರಟವರು ಈ ವಾಕ್ಯವನ್ನು 'ಇತ್ತೀಚೆಗೆ ಗಾಢ ಪ್ರೇಮದಲ್ಲಿ ಮುಳುಗಿದ್ದಾನೆ' ಅಂತ ಮಾಡಿಬಿಡುತ್ತಾರೆ. ನಗಬೇಕಾದ ಜಾಗದಲ್ಲಿ ಓದುಗರು ಗಂಭೀರವಾಗಿ ಕೂರುತ್ತಾರೆ.

ಹಾಗಾಗಿ ಎಷ್ಟು ಪ್ರೀತಿ ಅಂತ ಕೇಳಬೇಡಿ. ಯಾವ ಥರದ ಪ್ರೀತಿ, ಯಾರ ಬಾಯಲ್ಲಿ ಅಂತ ಕೇಳಿ.

ಹೆಜ್ಜೆ 2: ಪದವನ್ನು ತಾಯಿಯ ಮೇಲೆ ಇಟ್ಟು ನೋಡಿ

ಒಂದು ಸುಲಭದ ಪರೀಕ್ಷೆ ಇದೆ. ವಾಕ್ಯದಲ್ಲಿರುವ ಪ್ರಿಯತಮೆಯನ್ನು ತೆಗೆದು ಆ ಜಾಗಕ್ಕೆ ತಾಯಿಯನ್ನು ತನ್ನಿ.

'ಮುಝೆ ಮಾಂ ಸೇ ಪ್ಯಾರ್ ಹೈ.' ಏನೂ ತೊಂದರೆ ಇಲ್ಲ. 'ಮಾಂ ಸೇ ಮೊಹಬ್ಬತ್ ಹೈ.' ಸ್ವಲ್ಪ ಉರ್ದು ಗಾಳಿ ಬೀಸಿತು, ಆದರೆ ನಡೆಯುತ್ತದೆ. 'ಮಾಂ ಸೇ ಇಶ್ಕ್ ಹೈ.' ಕಿವಿಗೆ ಚುಚ್ಚುತ್ತದೆ. ಹಿಂದಿ ಮನೆಮಾತಿನವರ ಮುಂದೆ ಹೇಳಿ ನೋಡಿ, ಮುಖ ಗಂಟಾಗುತ್ತದೆ.

ಪ್ಯಾರ್ ಈ ಮೂರರಲ್ಲಿ ಅತಿ ಅಗಲವಾದ ಪದ. ಸಂಸ್ಕೃತದ 'ಪ್ರಿಯ' ಇದರ ಬೇರು. ಮಗುವಿಗೆ, ಅಜ್ಜಿಗೆ, ನಾಯಿಮರಿಗೆ, ಗಂಡ ಹೆಂಡತಿಗೆ, ಎಲ್ಲದಕ್ಕೂ ಇದೇ. 'ಪ್ಯಾರಾ ಬಚ್ಚಾ' ಅಂದರೆ ಮುದ್ದಾದ ಮಗು. 'ಪ್ಯಾರ್ ಸೇ ಸಮಝಾವೋ' ಅಂದರೆ ನಯವಾಗಿ ತಿಳಿಹೇಳು. 'ಬಚ್ಚೇ ಕೋ ಪ್ಯಾರ್ ಕಿಯಾ' ಅಂದರೆ ಮಗುವನ್ನು ಮುದ್ದಿಸಿದ. ಹಳೆಯ ಕಾಗದಗಳ ಕೊನೆಯಲ್ಲಿ 'ಛೋಟೋಂ ಕೋ ಪ್ಯಾರ್' ಅಂತ ಬರೆಯುತ್ತಿದ್ದರು. ಅದು ನಮ್ಮ 'ಮಕ್ಕಳಿಗೆ ಆಶೀರ್ವಾದ' ಇದ್ದ ಜಾಗ.

ಹೀಗಾಗಿ ನಿವೇದನೆಯಲ್ಲಿ ಪ್ಯಾರ್ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಪ್ರಣಯವೋ, ಒಡನಾಟದಿಂದ ಬಂದ ಹಚ್ಚಿಕೆಯೋ? ಅನೇಕ ಕಥೆಗಳಲ್ಲಿ ಪಾತ್ರಕ್ಕೇ ಅದು ಗೊತ್ತಿರುವುದಿಲ್ಲ. ಪ್ಯಾರ್ ಅನ್ನುವ ಪದದ ಅಗಲದಲ್ಲಿ ಅದು ಅಡಗಿಕೊಂಡಿರುತ್ತದೆ. ನೀವು 'ನಿನ್ನನ್ನು ಪ್ರೇಮಿಸುತ್ತೇನೆ' ಅಂತ ಬರೆದ ಕ್ಷಣ ಆ ಅಡಗುತಾಣ ಹೋಯಿತು. ಅಂಥ ಕಡೆ ಕನ್ನಡದ 'ನೀನಂದ್ರೆ ನಂಗಿಷ್ಟ' ಎಷ್ಟೋ ವಾಸಿ. ಅದಕ್ಕೂ ಹಾಗೇ ಎರಡು ಅರ್ಥ ಆಗುತ್ತದೆ.

ಮೊಹಬ್ಬತ್ ಅರಬ್ಬಿಯಿಂದ ಪಾರಸಿ, ಉರ್ದುವಿನ ದಾರಿ ಹಿಡಿದು ಬಂದದ್ದು. ಹಬೀಬ್, ಮೆಹಬೂಬ್ ಎಂಬ ಹೆಸರುಗಳನ್ನು ನಮ್ಮ ಊರುಗಳಲ್ಲೇ ಕೇಳಿರುತ್ತೀರಿ. ಅವೂ ಅದೇ ಬೇರಿನವು, 'ಪ್ರೀತಿಪಾತ್ರ' ಅಂತ ಅರ್ಥ. ಮೊಹಬ್ಬತ್‌ನಲ್ಲಿ ಪ್ರೀತಿಯ ಜೊತೆ ಒಂದು ಮರ್ಯಾದೆ, ಒಂದು ಆದರ ಇರುತ್ತದೆ. ಲಖನೌ ಕಡೆಯ ಹಳಬರನ್ನು ಹೊಗಳಿದರೆ 'ಆಪ್‌ಕೀ ಮೊಹಬ್ಬತ್ ಹೈ' ಅನ್ನುತ್ತಾರೆ. ಅದನ್ನು 'ನಿಮ್ಮ ಪ್ರೇಮ' ಅಂತ ಅನುವಾದಿಸಿದರೆ ಎಡವಟ್ಟು. ಕನ್ನಡದಲ್ಲಿ ಅದು 'ನಿಮ್ಮ ಅಭಿಮಾನ' ಅಥವಾ 'ನಿಮ್ಮ ವಿಶ್ವಾಸ ದೊಡ್ಡದು'.

ಇಲ್ಲೇ ಒಂದು ಗುಂಡಿ ಇದೆ, ಹುಷಾರು. ಮೊಹಬ್ಬತ್ ಕೇಳಿದ ಕೂಡಲೇ ಕನ್ನಡ ಕಿವಿಗೆ 'ಮೋಹ' ಕೇಳಿಸುತ್ತದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಮೋಹ ಸಂಸ್ಕೃತದ್ದು, ಅದರಲ್ಲಿ ಭ್ರಮೆಯ ವಾಸನೆ ಇದೆ, ಬಿಡಿಸಿಕೊಳ್ಳಬೇಕಾದ್ದು ಅನ್ನುವ ಧ್ವನಿ ಇದೆ. ಮೊಹಬ್ಬತ್‌ನಲ್ಲಿ ಅದು ಒಂಚೂರೂ ಇಲ್ಲ. ಪಾತ್ರ ತಲೆಯೆತ್ತಿ ಹೇಳಿದ ಮಾತನ್ನು 'ನಿನ್ನ ಮೋಹಕ್ಕೆ ಬಿದ್ದೆ' ಅಂತ ತಂದರೆ ತಪ್ಪೊಪ್ಪಿಗೆ ಥರ ಕೇಳಿಸುತ್ತದೆ.

ಹೆಜ್ಜೆ 3: ಇಶ್ಕ್‌ಗೆ ಜಾಸ್ತಿ ಸಮಯ ಕೊಡಿ

ಮೂರರಲ್ಲಿ ಕೈಕೊಡುವುದು ಇದೇ. ಕಾರಣ, ಇಶ್ಕ್ ಅನ್ನುವುದು ಭಾವನೆಯ ಹೆಸರಿಗಿಂತ ಹೆಚ್ಚಾಗಿ ಒಂದು ಸ್ಥಿತಿಯ ಹೆಸರು. ಅದು ಮನುಷ್ಯನಿಗೆ ಹಿಡಿಯುತ್ತದೆ.

ಹಳೆಯ ಅರಬ್ಬಿ ನಿಘಂಟುಕಾರರು ಈ ಪದವನ್ನು ಒಂದು ಬಳ್ಳಿಯ ಹೆಸರಿಗೆ ಜೋಡಿಸಿದ್ದಾರೆ. ಮರಕ್ಕೆ ಸುತ್ತಿಕೊಂಡು ಅದನ್ನೇ ಒಣಗಿಸುವ ಬಳ್ಳಿ. ಇನ್ನೂ ಸ್ವಾರಸ್ಯದ ಸಂಗತಿ ವೈದ್ಯಶಾಸ್ತ್ರದಲ್ಲಿದೆ. ಪಾಶ್ಚಾತ್ಯರು ಅವಿಸೆನ್ನ ಅಂತ ಕರೆಯುವ ಇಬ್ನ್ ಸೀನಾ (ತೀರಿಕೊಂಡದ್ದು 1037ರಲ್ಲಿ) ತನ್ನ ವೈದ್ಯಗ್ರಂಥದಲ್ಲಿ ಇಶ್ಕ್ ಅನ್ನು ಮನೋವ್ಯಾಧಿಗಳ ಸಾಲಿನಲ್ಲೇ ಚರ್ಚಿಸುತ್ತಾನೆ. ರೋಗಿ ಪ್ರಿಯತಮೆ ಯಾರು ಅಂತ ಬಾಯಿ ಬಿಡದಿದ್ದರೆ ನಾಡಿ ಹಿಡಿದು ಒಂದೊಂದೇ ಹೆಸರು ಹೇಳುತ್ತಾ ಹೋಗಬೇಕು, ಯಾವ ಹೆಸರಿಗೆ ನಾಡಿಯ ಓಟ ಬದಲಾಗುತ್ತದೋ ಅವಳೇ ಅವನ ರೋಗಕ್ಕೆ ಕಾರಣ ಅನ್ನುತ್ತಾನೆ.

ಇದನ್ನು ಹೇಳಿದ್ದು ಪಾಂಡಿತ್ಯಕ್ಕಲ್ಲ. ಉರ್ದು ಕಾವ್ಯದಲ್ಲಿ, ಅಲ್ಲಿಂದ ಹಿಂದಿ ಸಿನಿಮಾ ಮಾತಿನಲ್ಲಿ, ಇಶ್ಕ್‌ನ ಸುತ್ತ ಬರುವ ಪದಗಳನ್ನು ಗಮನಿಸಿ. ನೀಂದ್, ದರ್ದ್, ಆಗ್, ನಶಾ, ಮರೀಜ್, ದವಾ. ನಿದ್ದೆ, ನೋವು, ಬೆಂಕಿ, ಅಮಲು, ರೋಗಿ, ಔಷಧಿ. ಎಲ್ಲವೂ ಮೈಗೆ ಸಂಬಂಧಪಟ್ಟವು. ನಿಮ್ಮ ನಿವೇದನೆಯಲ್ಲಿ ಇಶ್ಕ್ ಅನ್ನುವ ಪದದ ಅಕ್ಕಪಕ್ಕ ಇಂಥ ಮಾತು ಇದ್ದರೆ ಪಾತ್ರ ತನಗೆ ಹಿಡಿದದ್ದನ್ನು ವರದಿ ಮಾಡುತ್ತಿದೆ ಅಂತ ಅರ್ಥ. ಆಗ ಕನ್ನಡದಲ್ಲಿ ಪ್ರೀತಿ, ಪ್ರೇಮ ಅಂತ ಹುಡುಕಬೇಡಿ. 'ಹುಚ್ಚು ಹಿಡಿದಿದೆ', 'ನಿನ್ನದೇ ಗುಂಗು', 'ಮರುಳಾಗಿದ್ದೀನಿ' ಕಡೆ ಹೋಗಿ.

ಇಶ್ಕ್‌ಗೆ ಇನ್ನೊಂದು ಮುಖ ಇದೆ. ಸೂಫಿಗಳು ಮನುಷ್ಯರ ಮೇಲಿನ ಪ್ರೇಮಕ್ಕೆ ಇಶ್ಕೆ ಮಜಾಜಿ ಅಂತಲೂ, ದೇವರ ಮೇಲಿನದಕ್ಕೆ ಇಶ್ಕೆ ಹಕೀಕಿ ಅಂತಲೂ ಹೇಳುತ್ತಾರೆ. ಕವಿಗಳು ಬೇಕಂತಲೇ ಎರಡನ್ನೂ ಕಲಸುತ್ತಾರೆ. ಹುಡುಗಿಗೆ ಹೇಳಿದ್ದೋ ದೇವರಿಗೆ ಹೇಳಿದ್ದೋ ಗೊತ್ತಾಗಬಾರದು, ಅದೇ ಅದರ ಮಜಾ. ಇಲ್ಲಿ 'ಹುಚ್ಚು' ಸಾಲದು. ಸಜ್ದಾ, ಇಬಾದತ್, ಖುದಾ ಇಂಥ ಪದಗಳು ಹತ್ತಿರದಲ್ಲಿ ಕಂಡರೆ ಕನ್ನಡದ 'ಒಲಿ' ಧಾತುವನ್ನು ನೆನೆಸಿಕೊಳ್ಳಿ. ಹೆಣ್ಣು ಗಂಡಿಗೂ ಒಲಿಯುತ್ತಾಳೆ, ದೇವರು ಭಕ್ತರಿಗೂ ಒಲಿಯುತ್ತಾನೆ. ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂದ ಅಕ್ಕಮಹಾದೇವಿಯ ಭಾಷೆ ನಮಗೆ ಬೆನ್ನಿಗಿದೆ. 'ನಿನಗೆ ಒಲಿದೆ, ಇನ್ನು ಬೇರೆ ದಾರಿ ಇಲ್ಲ' ಅಂದರೆ ಎರಡೂ ಮುಖ ಉಳಿಯುತ್ತವೆ. ಆದರೆ ಇದನ್ನು ಕಾಲೇಜು ಕ್ಯಾಂಟೀನಿನ ಹುಡುಗನ ಬಾಯಿಗೆ ಹಾಕಬೇಡಿ. ಒಲವು, ಒಲಿದೆ ಎರಡೂ ಬರಹದ, ಹಾಡಿನ ಮಾತು.

ಹೆಜ್ಜೆ 4: ಕರ್‌ನಾ ಇದೆಯೋ, ಹೋನಾ ಇದೆಯೋ

ನನ್ನ ಮಟ್ಟಿಗೆ ಇದು ಪದಕ್ಕಿಂತ ಮುಖ್ಯ. ಹಿಂದಿಯಲ್ಲಿ ಪ್ರೀತಿಯನ್ನು ಮಾಡಬಹುದು, ಅಥವಾ ಪ್ರೀತಿ ಆಗಬಹುದು.

'ಮೈಂ ತುಮ್‌ಸೇ ಪ್ಯಾರ್ ಕರ್‌ತಾ ಹೂಂ.' ನಾನು ಮಾಡುತ್ತಿದ್ದೇನೆ, ಹೊಣೆ ನನ್ನದು. 'ಮುಝೆ ತುಮ್‌ಸೇ ಪ್ಯಾರ್ ಹೋ ಗಯಾ ಹೈ.' ನನಗೆ ಆಗಿಹೋಗಿದೆ, ನಾನೇನು ಮಾಡಲಿ? ಒಂದು ಮಾತು ಕೊಡುವ ವಾಕ್ಯ, ಇನ್ನೊಂದು ಕೈಚೆಲ್ಲುವ ವಾಕ್ಯ.

ಅದೃಷ್ಟಕ್ಕೆ ಕನ್ನಡದಲ್ಲೂ ಇದೇ ಜೋಡಿ ಇದೆ. 'ಪ್ರೀತಿಸ್ತೀನಿ' ಮತ್ತು 'ನಂಗೆ ನಿನ್ನ ಮೇಲೆ ಪ್ರೀತಿ ಆಗಿದೆ'. 'ಲವ್ ಮಾಡ್ತಿದ್ದೀನಿ' ಮತ್ತು 'ಲವ್ ಆಗೋಯ್ತು'. ಇಷ್ಟು ಹತ್ತಿರದ ಹೊಂದಿಕೆ ಇದ್ದರೂ ಅನುವಾದಕರು ಎಲ್ಲವನ್ನೂ 'ಪ್ರೀತಿಸುತ್ತೇನೆ' ಮಾಡಿಬಿಡುವುದು ಯಾಕೋ ಗೊತ್ತಿಲ್ಲ. ಹೋ ಗಯಾ ಇದ್ದ ಕಡೆ ನನಗೆ, ನಂಗೆ ಅಂತಲೇ ವಾಕ್ಯ ಶುರುವಾಗಲಿ. ಇಶ್ಕ್ ಗಂಭೀರವಾಗಿ ಬಂದಾಗ ಹೆಚ್ಚಾಗಿ ಹೋನಾ ಜೊತೆಗೇ ಬರುತ್ತದೆ ಅನ್ನುವುದನ್ನೂ ಗಮನಿಸಿ. ಹಿಡಿಯುವ ಸ್ಥಿತಿ ಅಲ್ವಾ, ಅದಕ್ಕೆ.

ಲಿಂಗದ ವಿಷಯ ಒಂದು ಇದೆ. ಪ್ಯಾರ್, ಇಶ್ಕ್ ಹಿಂದಿಯಲ್ಲಿ ಪುಲ್ಲಿಂಗ, ಮೊಹಬ್ಬತ್ ಸ್ತ್ರೀಲಿಂಗ. ಹಾಗಾಗಿ 'ಮುಝೆ ಮೊಹಬ್ಬತ್ ಹೋ ಗಯೀ' ಅಂತ ಇದ್ದರೆ ಮಾತಾಡಿದವಳು ಹುಡುಗಿ ಅಂತ ತಿಳಿಯಬೇಡಿ. ಆ ಗಯೀ ಮೊಹಬ್ಬತ್‌ಗೆ ಸೇರಿದ್ದು, ಗಂಡಸೂ ಹಾಗೇ ಹೇಳುತ್ತಾನೆ. 'ಮೈಂನೇ ಮೊಹಬ್ಬತ್ ಕೀ ಹೈ' ಅನ್ನುವಲ್ಲಿಯೂ ಅಷ್ಟೇ. ಆದರೆ 'ಪ್ಯಾರ್ ಕರ್‌ತೀ ಹೂಂ' ಅಂದರೆ ಮಾತಾಡುತ್ತಿರುವುದು ಹೆಣ್ಣೇ. ಹೆಸರಿಲ್ಲದ ಪತ್ರವೋ, ಸಾಲಿನ ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದ ಸಂಭಾಷಣೆಯೋ ಬಂದಾಗ ಇದರಲ್ಲಿ ತಪ್ಪುವವರು ಬಹಳ. ಕನ್ನಡದ 'ಪ್ರೀತಿಸ್ತೀನಿ'ಯಲ್ಲಿ ಗಂಡು ಹೆಣ್ಣು ಕಾಣುವುದಿಲ್ಲ. ಮೂಲದಲ್ಲಿ ಕರ್‌ತೀ ಎಂಬ ಒಂದೇ ಪದದಿಂದ ಗುಟ್ಟು ಬಯಲಾಗುವಂತಿದ್ದರೆ ಅದನ್ನು ಪಕ್ಕದ ವಾಕ್ಯದಲ್ಲಿ ಬೇರೆ ರೀತಿ ತರಬೇಕು.

ಹೆಜ್ಜೆ 5: ತೂ, ತುಮ್, ಆಪ್

ಹಿಂದಿಯಲ್ಲಿ ಮೂರು, ನಮ್ಮಲ್ಲಿ ಎರಡು. ತೂ, ತುಮ್ ಎರಡೂ ನೀನು ಆಗುತ್ತವೆ, ಆಪ್ ನೀವು ಆಗುತ್ತದೆ. ತೂ ಇದ್ದಲ್ಲಿ ಸಲುಗೆ ಜಾಸ್ತಿ. ಅದನ್ನು ಕಣೇ, ಕಣೋ ಅಂತ ಕೊನೆಯಲ್ಲಿ ಸೇರಿಸಿ ತೋರಿಸಬಹುದು.

ಮೊಹಬ್ಬತ್ ಜೊತೆ ಆಪ್ ಬಂದಾಗ ಸ್ವಲ್ಪ ಯೋಚಿಸಿ. ಲಖನೌನಲ್ಲಿ ಸಮವಯಸ್ಕ ಪ್ರೇಮಿಗಳೂ ಆಪ್ ಅನ್ನಬಹುದು, ಅದು ಅಲ್ಲಿನ ನಯ. ಕನ್ನಡದಲ್ಲಿ ಹುಡುಗಿ ಹುಡುಗನಿಗೆ ನೀವು ಅಂದರೆ ಪರಿಚಯ ಹೊಸದು ಅಂತಲೋ, ಆಗಲೇ ಗಂಡ ಅಂತ ಮನಸ್ಸಲ್ಲಿ ಒಪ್ಪಿಕೊಂಡಿದ್ದಾಳೆ ಅಂತಲೋ ಕೇಳಿಸುತ್ತದೆ. ಎರಡೂ ಮೂಲದಲ್ಲಿ ಇಲ್ಲದಿದ್ದರೆ ನೀನು ಅಂತ ಮಾಡಿ, ನಯವನ್ನು ಮಾತಿನ ಧಾಟಿಯಲ್ಲಿ ತನ್ನಿ. ಆದರೆ ಮೂಲದಲ್ಲಿ ಪಾತ್ರ ಆಪ್ ಇಂದ ತುಮ್‌ಗೆ ಜಾರಿದರೆ ಅದನ್ನು ಬಿಡಲೇಬೇಡಿ. 'ನೀವು ತಪ್ಪು ತಿಳೀಬೇಡಿ... ನಂಗೆ ನೀನು ಬೇಕು.' ಆ ಒಂದು ಜಾರುವಿಕೆ ಸಾಕು, ಮೊಹಬ್ಬತ್ ಎಂಬ ಪದವೇ ಬೇಕಾಗುವುದಿಲ್ಲ.

ಹೆಜ್ಜೆ 6: ಕನ್ನಡದ ಪದಗಳನ್ನು ಬಾಯಲ್ಲಿ ಹಾಕಿ ನೋಡಿ

ಪ್ರೇಮ ಅನ್ನುವುದನ್ನು ನಾವು ಪ್ರೇಮವಿವಾಹ, ಪ್ರೇಮಪತ್ರ, ದೇಶಪ್ರೇಮ ಅಂತ ಬಳಸುತ್ತೇವೆ. ಎದುರು ನಿಂತು 'ನನಗೆ ನಿನ್ನ ಮೇಲೆ ಪ್ರೇಮ ಇದೆ' ಅಂದವರನ್ನು ನಾನು ನೋಡಿಲ್ಲ. ಅನುರಾಗ ಪೂರ್ತಿ ಪುಸ್ತಕದ್ದು, ಮೇಲಾಗಿ ತಂಪು ಪದ. ಅದನ್ನು ಇಶ್ಕ್‌ನ ಜಾಗಕ್ಕೆ ತಂದರೆ ಬೆಂಕಿ ಆರುತ್ತದೆ. ಅಕ್ಕರೆ, ಮಮತೆ ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿಯುತ್ತವೆ, ಸರೀಕರ ನಡುವೆ ಅಷ್ಟಾಗಿ ಒಗ್ಗುವುದಿಲ್ಲ.

ಲವ್ ಅನ್ನುವುದನ್ನು ಮೂಗು ಮುರಿದು ಬಿಡಬೇಡಿ. ದಿಲ್ಲಿಯ ಕಾಲೇಜು ಹುಡುಗ ಗೆಳೆಯನ ಹತ್ತಿರ 'ಯಾರ್, ಪ್ಯಾರ್ ಹೋ ಗಯಾ' ಅಂದರೆ ಕನ್ನಡದಲ್ಲಿ ಅದು 'ಲವ್ ಆಗೋಯ್ತು ಕಣೋ' ಅಷ್ಟೇ. 'ಯೇ ಪ್ಯಾರ್ ವ್ಯಾರ್ ಮೇರೇ ಬಸ್ ಕೀ ಬಾತ್ ನಹೀಂ' ಅಂದರೆ 'ಈ ಲವ್ವು ಗಿವ್ವು ನನ್ ಕೈಲಾಗಲ್ಲ'. ಇಲ್ಲಿ ಒಲವು ಅಂತ ಬರೆದರೆ ನಗೆಪಾಟಲು.

ಅದೇ ವಾಕ್ಯ ನಡುವಯಸ್ಸಿನ ಉರ್ದು ಮೇಷ್ಟರ ಬಾಯಲ್ಲಿ 'ಮುಝೆ ಆಪ್ ಸೇ ಮೊಹಬ್ಬತ್ ಹೋ ಗಯೀ ಹೈ' ಅಂತ ಬಂದರೆ ನಾನು 'ನಿಮ್ಮ ಮೇಲೆ ನನಗೆ ಮನಸ್ಸಾಗಿದೆ' ಅನ್ನುತ್ತೇನೆ. ಪ್ರೀತಿ ಅನ್ನುವ ಪದವೇ ಇಲ್ಲ. ಮರ್ಯಾದೆ ಇದೆ, ಸಂಕೋಚ ಇದೆ, ಆಗಿಹೋಯಿತಲ್ಲ ಅನ್ನುವ ಭಾವವೂ ಇದೆ.

ಹೆಜ್ಜೆ 7: ಮೂರೂ ಒಟ್ಟಿಗೆ ಬಂದಾಗ

ಈಗ ಕಷ್ಟದ್ದು. ಒಂದೇ ಮಾತಿನಲ್ಲಿ ಮೂರೂ ಪದ ಬರುವ ನಿವೇದನೆ. ಇದಕ್ಕಾಗಿ ನಾನೇ ಒಂದು ತುಣುಕು ಕಟ್ಟಿದ್ದೇನೆ. ಲಖನೌನ ಒಂದೇ ಗಲ್ಲಿಯಲ್ಲಿ ಬೆಳೆದ ಹುಡುಗ ಹುಡುಗಿ. ಅವನು ಬೇರೆ ಊರಿಗೆ ಹೊರಟಿದ್ದಾನೆ. ಅವಳು ಹೇಳುತ್ತಾಳೆ:

'ಪ್ಯಾರ್ ತೋ ತುಮ್‌ಸೇ ಬಚ್‌ಪನ್ ಸೇ ಕರ್‌ತೀ ಥೀ. ವೈಸೇ ಹೀ, ಜೈಸೇ ಘರ್ ಮೇಂ ಸಬ್ ಕರ್‌ತೇ ಥೇ. ಮೊಹಬ್ಬತ್ ಕಬ್ ಹೋ ಗಯೀ, ಪತಾ ಹೀ ನಹೀಂ ಚಲಾ. ಔರ್ ಅಬ್ ಯೇ ಜೋ ಹೈ ನಾ, ಇಸೇ ಲೋಗ್ ಇಶ್ಕ್ ಕಹ್‌ತೇ ಹೋಂಗೇ. ಮುಝೆ ತೋ ಬಸ್ ಇತ್‌ನಾ ಪತಾ ಹೈ ಕಿ ನೀಂದ್ ನಹೀಂ ಆತೀ.'

ಮೊದಲು ನಿಘಂಟಿನ ದಾರಿಯಲ್ಲಿ ಹೋದರೆ ಏನಾಗುತ್ತದೆ ನೋಡಿ: 'ನಿನ್ನನ್ನು ಬಾಲ್ಯದಿಂದಲೂ ಪ್ರೀತಿಸುತ್ತಿದ್ದೆ. ಮನೆಯಲ್ಲಿ ಎಲ್ಲರೂ ಪ್ರೀತಿಸುತ್ತಿದ್ದಂತೆಯೇ. ಪ್ರೇಮ ಯಾವಾಗ ಆಯಿತೆಂದು ತಿಳಿಯಲೇ ಇಲ್ಲ. ಈಗ ಇರುವುದನ್ನು ಜನ ಅನುರಾಗ ಎನ್ನುತ್ತಾರೇನೋ.'

ತಪ್ಪು ಎಲ್ಲಿದೆ? ಪ್ರೀತಿಯಿಂದ ಪ್ರೇಮಕ್ಕೆ ಏನು ಬದಲಾಯಿತು ಅಂತ ಕನ್ನಡದವರಿಗೆ ಗೊತ್ತಾಗುವುದಿಲ್ಲ. ನಮಗೆ ಎರಡೂ ಹೆಚ್ಚುಕಮ್ಮಿ ಒಂದೇ. ಮೂರನೆಯ ಹೆಜ್ಜೆಯಲ್ಲಿ ಅವಳು ಇನ್ನೂ ಆಳಕ್ಕೆ ಇಳಿಯಬೇಕು, ಅನುರಾಗ ಅಂದಾಗ ಮೇಲಕ್ಕೆ ತೇಲಿಬಿಡುತ್ತಾಳೆ.

ಈಗ ಒಂದೊಂದೇ ಬಿಡಿಸೋಣ. ಮೊದಲ ಪ್ಯಾರ್ ಮನೆಯವರ ಪ್ಯಾರ್, ಅವಳೇ ಹೇಳಿದ್ದಾಳೆ. ತಾಯಿ ಪರೀಕ್ಷೆಯಲ್ಲಿ ಪಾಸಾಗುವಂಥದ್ದು. ಕ್ರಿಯಾಪದ ಕರ್‌ತೀ ಥೀ, ದಿನವೂ ಇದ್ದ ಅಭ್ಯಾಸ. ಅಕ್ಕರೆ ಅಂದರೆ ಅವಳು ಹಿರಿಯಳಾಗಿಬಿಡುತ್ತಾಳೆ. ಇಲ್ಲಿಗೆ ಕೂರುವುದು 'ಹಚ್ಚಿಕೊಂಡಿದ್ದೆ'. ಮಕ್ಕಳು ಅಜ್ಜಿಯನ್ನೂ ಹಚ್ಚಿಕೊಳ್ಳುತ್ತಾರೆ, ಪಕ್ಕದ ಮನೆಯ ಹುಡುಗನನ್ನೂ ಹಚ್ಚಿಕೊಳ್ಳುತ್ತಾರೆ.

ಎರಡನೆಯದು ಹೋ ಗಯೀ. ತಿಳಿಯದೆ ಆದದ್ದು. ಮೊದಲನೆಯದಕ್ಕೆ ಪ್ರೀತಿ ಪದವನ್ನು ಖರ್ಚು ಮಾಡಿಲ್ಲ, ಕೈಯಲ್ಲಿ ಉಳಿಸಿಕೊಂಡಿದ್ದೇವೆ. ಅದನ್ನು ಇಲ್ಲಿ ಇಡಬಹುದು. ತೀರಾ ಸಾದಾ ಪದವೇ ಇಲ್ಲಿ ಭಾರವಾಗುತ್ತದೆ, ಯಾಕೆಂದರೆ ಅದು ಮೊದಲ ಸಲ ಬರುತ್ತಿದೆ.

ಮೂರನೆಯದರಲ್ಲಿ ಒಂದು ಸೂಕ್ಷ್ಮ ಇದೆ. ಅವಳು ನನಗೆ ಇಶ್ಕ್ ಆಗಿದೆ ಅನ್ನುತ್ತಿಲ್ಲ. ಜನ ಇದನ್ನು ಇಶ್ಕ್ ಅಂತಾರೇನೋ ಅನ್ನುತ್ತಿದ್ದಾಳೆ. ಪದವನ್ನು ತೋರಿಸುತ್ತಿದ್ದಾಳೆ, ತಾನು ಅದನ್ನು ಇಟ್ಟುಕೊಳ್ಳುತ್ತಿಲ್ಲ. ಇಂಥ ಕಡೆ ಇಶ್ಕ್ ಅನ್ನು ಹಾಗೇ ಬಿಡಬಹುದು ಅಂತ ನನಗನ್ನಿಸುತ್ತದೆ. ಕಥೆ ನಡೆಯುವುದು ಲಖನೌನಲ್ಲಿ, ಅರ್ಥವನ್ನು ಮುಂದಿನ ವಾಕ್ಯವೇ ಹೇಳುತ್ತದೆ. ಪದವೂ ನಮಗೆ ತೀರಾ ಹೊರಗಿನದಲ್ಲ. 1657ರಲ್ಲಿ ಬಿಜಾಪುರದ ಆಸ್ಥಾನಕವಿ ನುಸ್ರತಿ ದಖನಿಯಲ್ಲಿ ಬರೆದ ಕಾವ್ಯದ ಹೆಸರೇ 'ಗುಲ್ಶನೆ ಇಶ್ಕ್'. ಆದರೆ ನೀವು ಕಥೆಯನ್ನೇ ಧಾರವಾಡಕ್ಕೋ ಹಾಸನಕ್ಕೋ ತಂದು ರೂಪಾಂತರ ಮಾಡುತ್ತಿದ್ದರೆ ಇಶ್ಕ್ ನಿಲ್ಲುವುದಿಲ್ಲ. ಆಗ 'ಹುಚ್ಚು'.

ಎಲ್ಲ ಸೇರಿಸಿದರೆ ನನ್ನ ಕರಡು ಹೀಗಾಯಿತು:

'ಚಿಕ್ಕಂದಿನಿಂದ ನಿನ್ನನ್ನ ಹಚ್ಚಿಕೊಂಡಿದ್ದೆ. ಮನೇಲಿ ಎಲ್ಲರೂ ಹಚ್ಚಿಕೊಂಡಿದ್ರಲ್ಲ, ಹಾಗೇ. ಅದು ಪ್ರೀತಿ ಯಾವಾಗ ಆಯ್ತೋ, ಗೊತ್ತೇ ಆಗ್ಲಿಲ್ಲ. ಈಗ ಇದೆಯಲ್ಲ, ಇದಕ್ಕೆ ಜನ ಇಶ್ಕ್ ಅಂತಾರೇನೋ. ನಂಗೆ ಗೊತ್ತಿರೋದು ಇಷ್ಟೇ, ನಿದ್ದೆ ಬರ್ತಿಲ್ಲ.'

ರೂಪಾಂತರದಲ್ಲಿ ನಾಲ್ಕನೆಯ ವಾಕ್ಯ 'ಇದಕ್ಕೆ ಜನ ಹುಚ್ಚು ಅಂತಾರೇನೋ' ಆಗುತ್ತದೆ. ಒಂದು ನಷ್ಟ ಇದೆ, ಒಪ್ಪಿಕೊಳ್ಳಬೇಕು. ಇಶ್ಕ್ ಎಂಬ ರೋಗಕ್ಕೆ ಹಿಂದಿಯಲ್ಲಿ ಒಂದು ಗೌರವ ಇದೆ, ಕವಿಗಳು ಕೊಟ್ಟ ಗೌರವ. ಹುಚ್ಚಿಗೆ ಅದು ಇಲ್ಲ. 'ಹುಚ್ಚು ಪ್ರೀತಿ' ಅಂದರೆ ಸ್ವಲ್ಪ ಬರುತ್ತದೆ, ಆದರೆ ಹಿಂದಿನ ವಾಕ್ಯದ ಪ್ರೀತಿ ಮತ್ತೆ ಬಂದು ಹರಿತ ಹೋಗುತ್ತದೆ. ನಾನಾದರೆ ಬರೀ ಹುಚ್ಚು ಅಂತಲೇ ಬಿಡುತ್ತೇನೆ.

ಹೆಜ್ಜೆ 8: ಗಟ್ಟಿಯಾಗಿ ಓದಿ, ಉತ್ತರವನ್ನೂ ಓದಿ

ಕರಡನ್ನು ಬಾಯಿಬಿಟ್ಟು ಓದಿ. ನಾಲಿಗೆ ತೊಡರಿದ ಕಡೆ ನಾಮಪದ ಜಾಸ್ತಿ ಆಗಿರುತ್ತದೆ, ಸಾಮಾನ್ಯವಾಗಿ. ಆಮೇಲೆ ಪ್ರೀತಿ, ಪ್ರೇಮ, ಒಲವು ಎಲ್ಲದರ ಮೇಲೂ ಬೆರಳಿಟ್ಟು ಮುಚ್ಚಿ ಓದಿ. ಆಗಲೂ ಯಾವುದು ಯಾವ ಥರದ ಪ್ರೀತಿ ಅಂತ ಗೊತ್ತಾದರೆ ಕ್ರಿಯಾಪದಗಳು ಕೆಲಸ ಮಾಡುತ್ತಿವೆ ಅಂತ ಅರ್ಥ. ಗೊತ್ತಾಗದಿದ್ದರೆ ನಾಲ್ಕನೆಯ ಹೆಜ್ಜೆಗೆ ವಾಪಸ್ ಹೋಗಿ.

ನಿವೇದನೆಗೆ ಎದುರಿನವರು ಕೊಡುವ ಉತ್ತರವನ್ನು ಕೊನೆಗೆ ಬಿಡುವವರೇ ಜಾಸ್ತಿ. ಅದನ್ನು ಜೊತೆಯಲ್ಲೇ ಮಾಡಬೇಕು. ಹಿಂದಿಯಲ್ಲಿ 'ಮೈಂ ಭೀ' ಅಂದರೆ ಕರ್‌ನಾಗೆ ಉತ್ತರ, 'ಮುಝೆ ಭೀ' ಅಂದರೆ ಹೋನಾಗೆ ಉತ್ತರ. ಕನ್ನಡದಲ್ಲಿ ನಾನೂ, ನಂಗೂ. ನೀವು ಮೊದಲ ಮಾತಿನಲ್ಲಿ ಕ್ರಿಯಾಪದ ಬದಲಿಸಿದ್ದರೆ ಉತ್ತರ ಅಲ್ಲಾಡಿಹೋಗುತ್ತದೆ. 'ನಿನ್ನನ್ನ ಪ್ರೀತಿಸ್ತೀನಿ' ಅಂದವಳಿಗೆ 'ನಂಗೂ' ಅಂದರೆ ಏನು ನಂಗೂ ಅಂತ ಕೇಳಬೇಕಾಗುತ್ತದೆ.

ನಮ್ಮ ಲಖನೌ ಹುಡುಗ ಕೊಡುವ ಉತ್ತರ ಎರಡೇ ಪದದ್ದು ಅಂತಿಟ್ಟುಕೊಳ್ಳಿ: 'ಮುಝೆ ಭೀ.' ಇದು ನಿದ್ದೆಗೆ ಹೇಳಿದ್ದೋ, ಇಶ್ಕ್‌ಗೆ ಹೇಳಿದ್ದೋ? ಹಿಂದಿಯಲ್ಲಿ ಎರಡಕ್ಕೂ ಸಲ್ಲುತ್ತದೆ, ಅವನು ಬಚಾವಾಗುವುದೂ ಅದರಿಂದಲೇ. ನಮ್ಮ ಕರಡಿನಲ್ಲಿ 'ನಿದ್ದೆ ಬರ್ತಿಲ್ಲ' ಅಂತ ಇಟ್ಟಿದ್ದೇವೆ, ಆದ್ದರಿಂದ 'ನಂಗೂ' ಅಂತ ಬರೆದರೆ ಕನ್ನಡದಲ್ಲೂ ಎರಡಕ್ಕೂ ಸಲ್ಲುತ್ತದೆ. ಅಲ್ಲಿ 'ನಿದ್ದೆ ಮಾಡೋಕಾಗ್ತಿಲ್ಲ' ಅಂತ ಇದ್ದರೂ 'ನಂಗೂ' ಹೇಗೋ ನಿಲ್ಲುತ್ತಿತ್ತು. 'ನಾನು ನಿದ್ದೆಯನ್ನೇ ಮಾಡ್ತಿಲ್ಲ' ಅಂತ ಇದ್ದಿದ್ದರೆ ಅವನು 'ನಾನೂ' ಅನ್ನಬೇಕಿತ್ತು, ಆಗ ಮಾತು ಬರೀ ನಿದ್ದೆಯದ್ದೇ ಆಗಿ ನಿಂತುಬಿಡುತ್ತಿತ್ತು.